ನೋವು ನಿಂತ ಹಲ್ಲು, ನೋಯದ ಹುಣ್ಣು

ಡಾಕ್ಟರ್ ಮೇಡಂ, ನನಗೆ 36 ವರ್ಷ. ತಿಪಟೂರು ತಾಲ್ಲೂಕಿನ ಹಳ್ಳಿಯವಳು, ಮನೆಯಲ್ಲೇ ಹೊಲಿಗೆ ಮಾಡುತ್ತೇನೆ. ಎಡಗಡೆ ಕೆಳಗಿನ ದವಡೆ ಹಲ್ಲೊಂದು ಹುಳುಕಾಗಿ ತೂತು ಬಿದ್ದು ಎರಡು ವರ್ಷವಾಯಿತು. ಅನ್ನ ಸಿಕ್ಕಿಕೊಂಡರೆ ಸೂಜಿಯಲ್ಲಿ ತೆಗೆದು ಸುಮ್ಮನಾಗುತ್ತಿದ್ದೆ. ಹದಿನೈದು ದಿನದ ಹಿಂದೆ ರಾತ್ರಿ ಶುರುವಾದ ನೋವು ಕಿವಿ, ತಲೆಯವರೆಗೂ ಹೊಡೆಯಿತು. ಮಲಗಿದರೆ ಜಾಸ್ತಿ, ಎದ್ದು ಕೂತರೆ ಸ್ವಲ್ಪ ಕಡಿಮೆ. ಉಪ್ಪುನೀರು ಮುಕ್ಕಳಿಸಿದೆ, ಲವಂಗ ಕಚ್ಚಿಕೊಂಡೆ, ಲವಂಗದೆಣ್ಣೆಯಲ್ಲಿ ಹತ್ತಿ ಅದ್ದಿ ಇಟ್ಟುಕೊಂಡೆ. ಪಕ್ಕದ ಮನೆಯವರು ಹೇಳಿದರೆಂದು ನೀರಲ್ಲಿ ಕರಗುವ ತಲೆನೋವಿನ ಮಾತ್ರೆಯನ್ನು ವಸಡಿನ ಮೇಲೆ ಇಟ್ಟುಕೊಂಡೇ ಮಲಗಿದೆ. ಬೆಳಗ್ಗೆ ಅಲ್ಲಿ ಚರ್ಮ ಬೆಳ್ಳಗಾಗಿ ಸುಲಿದು ಬಂತು, ಈಗಲೂ ಉರಿ. ಯಜಮಾನರಿಗೆ ಯಾವಾಗಲೋ ಕೊಟ್ಟಿದ್ದ ಆ್ಯಂಟಿಬಯಾಟಿಕ್ ನಾಲ್ಕು ಉಳಿದಿತ್ತು, ಅದನ್ನೂ ನುಂಗಿದೆ.

ಐದು ದಿನದಿಂದ ನೋವು ತಾನಾಗಿಯೇ ನಿಂತಿದೆ. ಆದರೆ ಕಚ್ಚಿದಾಗ ಆ ಹಲ್ಲು ಎತ್ತರವಾದ ಹಾಗೆ ಅನಿಸಿ ನೋಯುತ್ತದೆ. ಅದರ ಕೆಳಗೆ ವಸಡಿನಲ್ಲಿ ಸಣ್ಣ ಗುಳ್ಳೆ ಎದ್ದಿದೆ, ಒತ್ತಿದರೆ ಉಪ್ಪುಪ್ಪಾದ ಕೆಟ್ಟ ರುಚಿ. ಆ ಕಡೆ ಬ್ರಷ್ ಮಾಡುವುದನ್ನೇ ಬಿಟ್ಟಿದ್ದೇನೆ, ವಸಡಿನಲ್ಲಿ ರಕ್ತ ಬರುತ್ತದೆ. ಇದರ ಜೊತೆಗೆ ಬಾಯಿಹುಣ್ಣು. ಒಂದು ಕೆಳತುಟಿಯ ಒಳಗೆ, ಇನ್ನೊಂದು ಆ ಹಲ್ಲಿನ ಎದುರಿಗೆ ಕೆನ್ನೆಯ ಒಳಗೆ. ತುಟಿಯ ಹುಣ್ಣು ಎರಡು ಮೂರು ತಿಂಗಳಿಗೊಮ್ಮೆ ಬರುತ್ತಲೇ ಇರುತ್ತದೆ. ಮಾತಾಡಲೂ ಆಗದಷ್ಟು ನೋವು, ಈಗ ನನಗೆ ಹಲ್ಲಿಗಿಂತ ಇದರದೇ ಭಯ. ಅತ್ತೆ ಉಷ್ಣ ಅಂತಾರೆ. ಮೆಡಿಕಲ್ ಶಾಪಿನಲ್ಲಿ ಬಿ ಕಾಂಪ್ಲೆಕ್ಸ್ ಕೊಟ್ಟರು. ಅತ್ತೆಗೂ ಕೆನ್ನೆಯೊಳಗೆ ಎರಡು ತಿಂಗಳಿಂದ ಒಂದು ಹುಣ್ಣಿದೆ, ಎಲೆ ಅಡಿಕೆ ಹೊಗೆಸೊಪ್ಪು ಹಾಕುತ್ತಾರೆ, ಆದರೆ ಅವರಿಗೆ ನೋವಿಲ್ಲವಂತೆ. ಹಾಗಾಗಿ ನನಗೇ ಏನೋ ಬೇರೆ ಇರಬಹುದೆಂದು ಹೆದರಿಕೆ. ನೋವು ನಿಂತ ಹಲ್ಲನ್ನು ಹಾಗೇ ಬಿಡಬಹುದೇ? ಹಲ್ಲು ಕೀಳಿಸಿದರೆ ಕಣ್ಣಿಗೆ ತೊಂದರೆಯಂತೆ, ನಿಜವೇ? ಮನೆಯಲ್ಲಿ ಏನು ಮುಕ್ಕಳಿಸಲಿ?

— ಹೆಸರು ಬೇಡ, ತಿಪಟೂರು

ತಂಗಿ, ನಿಮ್ಮ ಕಾಗದವನ್ನು ಎರಡು ಸಲ ಓದಿದೆ. ನೀವು ಹೆದರಿರುವುದು ಹೆಚ್ಚು ನೋಯುತ್ತಿರುವುದಕ್ಕೆ. ಅದು ಸಹಜ, ಎಲ್ಲರೂ ಹಾಗೇ. ಆದರೆ ನಿಮ್ಮ ಮನೆಯ ಎರಡು ಬಾಯಿಗಳಲ್ಲಿ ಈಗ ಹೆಚ್ಚು ನೋಯುತ್ತಿರುವ ತುಟಿಯ ಹುಣ್ಣು ಎಲ್ಲಕ್ಕಿಂತ ನಿರುಪದ್ರವಿ. ನೋವು ನಿಂತಿರುವ ಹಲ್ಲು ಅದಕ್ಕಿಂತ ಕೆಟ್ಟದ್ದು. ನೋವೇ ಇಲ್ಲ ಎಂದು ನೀವು ಒಂದು ಸಾಲಿನಲ್ಲಿ ದಾಟಿಹೋದ ಹುಣ್ಣಿನ ವಿಷಯಕ್ಕೆ ಕೊನೆಯಲ್ಲಿ ಬರುತ್ತೇನೆ.

ಮೊದಲು ಹಲ್ಲು. ಹಲ್ಲಿನ ಒಳಗೆ ತಿರುಳಿರುತ್ತದೆ. ನರ, ರಕ್ತನಾಳ ಎಲ್ಲ ಇರುವ ಮೆತ್ತನೆಯ ಭಾಗ ಅದು. ಸುತ್ತ ಗಟ್ಟಿ ಗೋಡೆ, ಹೊರಗೆ ಹೋಗಲು ಇರುವುದು ಬೇರಿನ ತುದಿಯ ಕೂದಲೆಳೆಯಂಥ ದಾರಿ. ಕೈಗೆ ಪೆಟ್ಟು ಬಿದ್ದರೆ ಊದಿಕೊಳ್ಳಲು ಜಾಗವಿರುತ್ತದೆ. ತಿರುಳು ಊದಿದರೆ ಜಾಗ ಎಲ್ಲಿದೆ? ಒತ್ತಡವೆಲ್ಲ ನರದ ಮೇಲೇ ಬೀಳುತ್ತದೆ. ಮಲಗಿದಾಗ ತಲೆಯ ಕಡೆಗೆ ರಕ್ತದ ಒತ್ತಡ ಇನ್ನಷ್ಟು ಏರುವುದರಿಂದ ರಾತ್ರಿ ನೋವು ಹೆಚ್ಚು, ಎದ್ದು ಕೂತರೆ ಕಡಿಮೆ. ತಣ್ಣೀರು ಕುಡಿದಾಗ ಜುಮ್ಮೆಂದು ಎರಡು ಕ್ಷಣದಲ್ಲಿ ಇಳಿದುಹೋಗುವ ನೋವಾಗಿದ್ದರೆ, ತೂತನ್ನು ತುಂಬಿಸಿದರೆ ಸಾಕಾಗಬಹುದಿತ್ತು. ಯಾವ ಕಾರಣವೂ ಇಲ್ಲದೆ ತಾನಾಗಿ ಎದ್ದು, ಗಂಟೆಗಟ್ಟಲೆ ನಿಂತು, ನಿದ್ದೆ ಕೆಡಿಸುವ ನೋವೆಂದರೆ ತಿರುಳು ಚೇತರಿಸಿಕೊಳ್ಳುವ ಹಂತ ದಾಟಿದೆ ಎಂದರ್ಥ.

ಹಾಗಾದರೆ ಐದು ದಿನದ ಹಿಂದೆ ನೋವು ನಿಂತದ್ದು ಹೇಗೆ? ನೋವನ್ನು ಹೇಳುವ ನರವೇ ಸತ್ತುಹೋಗಿರಬೇಕು. ನೀವು ಬರೆದ ಮುಂದಿನ ಎರಡು ಲಕ್ಷಣಗಳು ಅದನ್ನೇ ಹೇಳುತ್ತವೆ. ಸತ್ತ ತಿರುಳಿನಲ್ಲಿ ಬೆಳೆದ ರೋಗಾಣು ಬೇರಿನ ತುದಿಯಿಂದ ಹೊರಬಿದ್ದು ಮೂಳೆಯನ್ನು ಸೇರಿದೆ. ಹಲ್ಲನ್ನು ಮೂಳೆಗೆ ಹಿಡಿದಿಡುವ ತೆಳ್ಳನೆಯ ಪದರ ಊದಿಕೊಂಡು ಹಲ್ಲನ್ನು ಕೂದಲೆಳೆಯಷ್ಟು ಮೇಲಕ್ಕೆ ಎತ್ತಿದೆ. ಹಲ್ಲು ಎತ್ತರವಾದಂತೆ ಅನಿಸುವುದು ಭ್ರಮೆಯೇನಲ್ಲ, ಬಾಯಿ ಮುಚ್ಚಿದಾಗ ಆ ಹಲ್ಲೇ ಮೊದಲು ತಾಗುತ್ತಿರುತ್ತದೆ. ಮೂಳೆಯಲ್ಲಿ ಕೂಡಿದ ಕೀವು ದಾರಿ ಕೊರೆದುಕೊಂಡು ವಸಡಿನಲ್ಲಿ ಬಾಯಿ ತೆರೆದಿದೆ, ಅದೇ ನಿಮ್ಮ ಗುಳ್ಳೆ. ಉಪ್ಪುಪ್ಪಾದ ರುಚಿ ಕೀವಿನದು. ಕೀವು ಹೊರಗೆ ಹರಿಯುವುದರಿಂದ ಒತ್ತಡವಿಲ್ಲ, ಒತ್ತಡವಿಲ್ಲದ್ದರಿಂದ ನೋವಿಲ್ಲ. ಈ ಗುಳ್ಳೆ ಒಡೆಯುತ್ತದೆ, ಮಾಯುತ್ತದೆ, ಮತ್ತೆ ಏಳುತ್ತದೆ, ಹೀಗೆ ತಿಂಗಳುಗಟ್ಟಲೆ ನಡೆಯಬಹುದು. ಎಂದಾದರೂ ಆ ದಾರಿ ಮುಚ್ಚಿಕೊಂಡರೆ ಮಾರನೆಯ ಬೆಳಗ್ಗೆ ಕೆನ್ನೆ ಬಾತುಕೊಂಡು ಎದ್ದಿರುತ್ತೀರಿ. ದಯವಿಟ್ಟು ನಿಮ್ಮ ಸೂಜಿಯನ್ನು ಬಟ್ಟೆಗೆ ಮಾತ್ರ ಇಟ್ಟುಕೊಳ್ಳಿ, ಗುಳ್ಳೆಗೆ ಚುಚ್ಚಬೇಡಿ.

ನನ್ನ ಕ್ಲಿನಿಕ್ಕಿಗೆ ಬರುವವರಲ್ಲಿ "ನೋವಿತ್ತು ಡಾಕ್ಟ್ರೇ, ಹೋಯ್ತು, ಅದಕ್ಕೇ ಬರಲಿಲ್ಲ" ಎನ್ನುವವರು ಬಹಳ ಜನ. ಒಬ್ಬ ಮೇಷ್ಟ್ರು ಇದೇ ಮಾತು ಹೇಳಿಕೊಂಡು ಬಂದಾಗ ಅವರ ಬಾಯಿ ಎರಡು ಬೆರಳಿನಷ್ಟೂ ತೆರೆಯುತ್ತಿರಲಿಲ್ಲ, ದವಡೆಯ ಕೆಳಗೆ ನಿಂಬೆಹಣ್ಣಿನ ಗಾತ್ರದ ಊತ. ಅವರನ್ನು ನನ್ನ ಕುರ್ಚಿಯಲ್ಲಿ ಕೂರಿಸಿಕೊಳ್ಳಲೇ ಇಲ್ಲ, ನೇರವಾಗಿ ದೊಡ್ಡ ಆಸ್ಪತ್ರೆಗೆ ಕಳಿಸಬೇಕಾಯಿತು.

ಈಗ ನೀವು ಕೇಳಿದ ಮುಕ್ಕಳಿಸುವ ವಿಷಯ. ಬೇರಿನ ತುದಿಯಲ್ಲಿರುವ ಕೀವಿಗೆ ಯಾವ ನೀರೂ ತಲುಪುವುದಿಲ್ಲ. ಉಪ್ಪು, ಅರಿಶಿನ, ಪಟಿಕ, ಅಂಗಡಿಯ ಬಣ್ಣದ ಔಷಧ ಯಾವುದೇ ಆಗಲಿ, ಅದು ತೊಳೆಯುವುದು ಬಾಯಿಯ ಮೇಲ್ಮೈಯನ್ನು. ಹಾಗೆಂದು ಉಪ್ಪುನೀರನ್ನು ಬಿಡಿ ಎನ್ನುವುದಿಲ್ಲ. ವಸಡಿಗೂ ಹುಣ್ಣಿಗೂ ಅದರಿಂದ ಉಪಯೋಗವಿದೆ, ಸಂದಿಯಲ್ಲಿ ಕೊಳೆಯುತ್ತಿರುವ ಅನ್ನ ಹೊರಗೆ ಬರುತ್ತದೆ, ಊದಿದ ವಸಡಿಗೆ ಸ್ವಲ್ಪ ಹಾಯೆನಿಸುತ್ತದೆ. ಒಂದು ಲೋಟ, ಅಂದರೆ ಸುಮಾರು 250 ಮಿಲಿಲೀಟರ್ ಉಗುರು ಬೆಚ್ಚಗಿನ ನೀರಿಗೆ ಅರ್ಧ ಟೀ ಚಮಚ ಉಪ್ಪು ಸಾಕು. ಹೆಚ್ಚು ಹಾಕಿದರೆ ಹೆಚ್ಚು ಗುಣವೆಂದು ಹಿಡಿ ಉಪ್ಪು ಸುರಿಯುವವರಿದ್ದಾರೆ. ಅದರಿಂದ ಹುಣ್ಣು ಉರಿಯುತ್ತದೆಯೇ ಹೊರತು ಬೇಗ ಮಾಯುವುದಿಲ್ಲ. ನೀರು ಎಷ್ಟು ಬಿಸಿಯಿದೆಯೆಂದು ಮಣಿಕಟ್ಟಿನ ಒಳಗೆ ಒಂದು ಹನಿ ಬಿಟ್ಟು ನೋಡಿ. ಬಾಯಿಗೆ ತೆಗೆದುಕೊಂಡ ಮೇಲೆ ಗಂಟಲಲ್ಲಿ ಗಳಗಳ ಎನ್ನಿಸಬೇಡಿ, ಅದು ಗಂಟಲುನೋವಿಗೆ. ತಲೆಯನ್ನು ಎಡಕ್ಕೆ ವಾಲಿಸಿ, ನೀರು ಆ ಹಲ್ಲಿನ ಸುತ್ತ ನಿಲ್ಲುವಂತೆ ಅರ್ಧ ನಿಮಿಷ ಮೆಲ್ಲಗೆ ಆಡಿಸಿ ಉಗುಳಿ. ಮೂರು ಹೊತ್ತು ಊಟ ತಿಂಡಿ ಆದ ಮೇಲೆ, ಮಲಗುವ ಮುಂಚೆ ಇನ್ನೊಮ್ಮೆ. ನುಂಗಬೇಡಿ, ಬಿ.ಪಿ. ಇದ್ದವರಂತೂ ನುಂಗಲೇಬಾರದು.

ಹುಣ್ಣಿಗೆ ಉಪ್ಪು ತಡೆಯಲಾರದಷ್ಟು ಉರಿದರೆ ಅಷ್ಟೇ ನೀರಿಗೆ ಅರ್ಧ ಟೀ ಚಮಚ ಅಡುಗೆ ಸೋಡಾ ಹಾಕಿಕೊಳ್ಳಿ. ಅದು ಬಾಯಿಯ ಹುಳಿಯನ್ನು ತಗ್ಗಿಸುತ್ತದೆ, ಉರಿ ಕಡಿಮೆ. ಜಾಜಿ ಎಲೆ ಅಗಿಯುವುದು, ಹುಣ್ಣಿಗೆ ತುಪ್ಪ ಸವರುವುದು ನಿಮ್ಮ ಮನೆಯಲ್ಲಿ ರೂಢಿಯಿದ್ದರೆ ನಾನು ಬೇಡವೆನ್ನುವುದಿಲ್ಲ. ನನ್ನ ಅಜ್ಜಿಯೂ ಮಾಡುತ್ತಿದ್ದರು. ಎಲೆಯನ್ನು ಚೆನ್ನಾಗಿ ತೊಳೆದಿರಿ. ತುಪ್ಪ ಹುಣ್ಣಿನ ಮೇಲೆ ತೆಳುವಾಗಿ ಕೂತು ಖಾರ ತಾಗದಂತೆ ಸ್ವಲ್ಪ ಹೊತ್ತು ಮರೆ ಮಾಡುತ್ತದೆ. ಪಟಿಕದ ನೀರಿನ ಬಗ್ಗೆ ಮಾತ್ರ ಎಚ್ಚರ. ಅದು ವಸಡನ್ನು ಬಿಗಿ ಮಾಡಿ ರಕ್ತ ನಿಲ್ಲಿಸುತ್ತದೆ, ನಿಂತದ್ದು ರಕ್ತ ಅಷ್ಟೇ. ರಕ್ತಕ್ಕೆ ಕಾರಣವಾದ ಕೊಳೆ ಅಲ್ಲೇ ಇರುತ್ತದೆ, ನಿಮಗೆ ಗುಣವಾಯಿತು ಅನಿಸುತ್ತದೆ.

ಔಷಧಿ ಅಂಗಡಿಯಲ್ಲಿ ಕ್ಲೋರ್‌ಹೆಕ್ಸಿಡಿನ್ ಎಂಬ ಮೌತ್‌ವಾಷ್ ಸಿಗುತ್ತದೆ, ಸಾಮಾನ್ಯವಾಗಿ 0.2 ಶೇಕಡಾದ್ದು. ಬ್ರಷ್ ಮಾಡಲಾರದಷ್ಟು ವಸಡು ನೋಯುವಾಗ ನಾವೂ ಅದನ್ನೇ ಬರೆದುಕೊಡುತ್ತೇವೆ. 10 ಮಿಲಿಲೀಟರ್, ಒಂದು ನಿಮಿಷ, ದಿನಕ್ಕೆ ಎರಡು ಸಲ. ಟೂತ್‌ಪೇಸ್ಟಿನ ನೊರೆ ಅದರ ಶಕ್ತಿ ಕುಂದಿಸುವುದರಿಂದ ಹಲ್ಲುಜ್ಜಿ ಅರ್ಧ ಗಂಟೆ ಬಿಟ್ಟು ಬಳಸಬೇಕು. ಎರಡು ವಾರ ದಾಟಿಸಬೇಡಿ. ಹಲ್ಲು ಕಂದು ಬಣ್ಣಕ್ಕೆ ತಿರುಗುತ್ತದೆ, ಕಾಫಿ ಟೀ ಕುಡಿಯುವವರಿಗೆ ಇನ್ನೂ ಬೇಗ, ನಾಲಗೆಯ ರುಚಿಯೂ ಕೆಡುತ್ತದೆ. ವರ್ಷವಿಡೀ ಅದನ್ನೇ ಮುಕ್ಕಳಿಸಿ "ಹಲ್ಲು ಕಪ್ಪಾಯಿತು" ಎಂದು ಬರುವವರನ್ನು ನೋಡಿ ಸಾಕಾಗಿದೆ.

ಲವಂಗದ ಮಾತು ಬೇರೆ. ನಮ್ಮ ಕ್ಲಿನಿಕ್ಕಿಗೆ ಕಾಲಿಟ್ಟರೆ ಬರುವ ವಾಸನೆ ಲವಂಗದ್ದೇ. ಅದರಲ್ಲಿರುವ ಯೂಜಿನಾಲ್ ನರವನ್ನು ಮಂಕಾಗಿಸುತ್ತದೆ, ಸತುವಿನ ಪುಡಿಯ ಜೊತೆ ಕಲಸಿ ತಾತ್ಕಾಲಿಕವಾಗಿ ಹಲ್ಲು ತುಂಬಲು ಅದನ್ನು ಬಳಸುತ್ತೇವೆ. ಆದರೆ ಅದು ಹಲ್ಲಿನ ತೂತಿಗೆ ಹಿತ, ವಸಡಿಗೆ ಸುಡುಮದ್ದು. ಎಣ್ಣೆಯನ್ನು ಹತ್ತಿಯ ತುಂಬ ನೆನೆಸಿ ಇಟ್ಟರೆ ಸುತ್ತಲಿನ ವಸಡೂ ಕೆನ್ನೆಯೂ ಸುಟ್ಟು ಹೊಸದೊಂದು ಹುಣ್ಣು. ಅಕ್ಕಿಕಾಳಿನಷ್ಟು ಹತ್ತಿಗೆ ಒಂದೇ ಹನಿ, ಹಿಂಡಿ, ತೂತಿನೊಳಗೆ ಮಾತ್ರ, ಅದೂ ಡಾಕ್ಟರ ಹತ್ತಿರ ಹೋಗುವ ತನಕ. ಚಿಕ್ಕ ಮಕ್ಕಳಿಗೆ ಬೇಡವೇ ಬೇಡ. ಎಣ್ಣೆ ಹೊಟ್ಟೆಗೆ ಹೋದರೆ ಲಿವರಿಗೆ ವಿಷವಾಗುತ್ತದೆ.

ನೀವು ವಸಡಿನ ಮೇಲೆ ಇಟ್ಟುಕೊಂಡದ್ದು ಆಸ್ಪಿರಿನ್ ಇರಬೇಕು. ಅದು ಆಮ್ಲ. ನುಂಗಿದರೆ ರಕ್ತದ ಮೂಲಕ ನೋವಿನ ಜಾಗ ಸೇರಿ ಕೆಲಸ ಮಾಡುತ್ತದೆ, ಹಲ್ಲಿನ ಪಕ್ಕ ಇಟ್ಟರೆ ಆ ಜಾಗದ ಚರ್ಮವನ್ನು ಸುಡುತ್ತದೆ. ಬೆಳ್ಳಗೆ ಸುಲಿದು ಬಂದದ್ದು ಸುಟ್ಟ ಚರ್ಮ. ಕೀಳಬೇಡಿ, ಉಜ್ಜಬೇಡಿ, ಒಂದೆರಡು ವಾರದಲ್ಲಿ ತಾನಾಗಿ ಮಾಯುತ್ತದೆ. ಡಾಕ್ಟರಿಗೆ ಇದನ್ನು ತಪ್ಪದೆ ಹೇಳಿ, ಆಸ್ಪಿರಿನ್ ರಕ್ತವನ್ನು ತೆಳು ಮಾಡುವುದರಿಂದ ಹಲ್ಲು ಕೀಳುವುದಿದ್ದರೆ ಅವರಿಗೆ ಗೊತ್ತಿರಬೇಕು.

ನೋವು ಮತ್ತೆ ಎದ್ದರೆ ಪ್ಯಾರಾಸಿಟಮಾಲ್ ಸಾಕು. ದೊಡ್ಡವರಿಗೆ 500 ಮಿಲಿಗ್ರಾಂನದು ಒಂದು ಅಥವಾ ಎರಡು, ನಡುವೆ ಆರು ಗಂಟೆ ಬಿಟ್ಟು. ದಿನಕ್ಕೆ ಎಂಟು ಮಾತ್ರೆಯ ಮಿತಿಯನ್ನು ಯಾವ ಕಾರಣಕ್ಕೂ ಮೀರಬಾರದು. ನೆಗಡಿ ಮಾತ್ರೆಯಲ್ಲೂ ಅದೇ ಪ್ಯಾರಾಸಿಟಮಾಲ್ ಇರುತ್ತದೆ, ಲೆಕ್ಕಕ್ಕೆ ಸೇರಿಸಿ. ಐಬುಪ್ರೊಫೆನ್ ಹಲ್ಲುನೋವಿಗೆ ಇನ್ನೂ ಚೆನ್ನಾಗಿ ಹಿಡಿಯುತ್ತದೆ, ಆದರೆ ಹೊಟ್ಟೆಹುಣ್ಣು, ಕಿಡ್ನಿ ತೊಂದರೆ, ಆಸ್ತಮಾ ಇದ್ದವರು, ಗರ್ಭಿಣಿಯರು ಕೇಳದೆ ತೆಗೆದುಕೊಳ್ಳಬಾರದು. ಡೆಂಗಿಯ ಕಾಲದಲ್ಲಿ ಜ್ವರವೂ ಇದ್ದರೆ ಐಬುಪ್ರೊಫೆನ್, ಆಸ್ಪಿರಿನ್ ಎರಡನ್ನೂ ಮುಟ್ಟಬೇಡಿ.

ಯಜಮಾನರ ಆ್ಯಂಟಿಬಯಾಟಿಕ್ ಬಗ್ಗೆ ಗದರುವುದಿಲ್ಲ, ಕಾರಣವನ್ನಷ್ಟೇ ಹೇಳುತ್ತೇನೆ. ಔಷಧ ಹೋಗುವುದು ರಕ್ತದ ಜೊತೆ. ಸತ್ತ ತಿರುಳಿಗೆ ರಕ್ತವೇ ಬರುವುದಿಲ್ಲ, ಔಷಧ ಬರುವುದೆಲ್ಲಿಂದ? ಊತ ಹರಡುತ್ತಿದ್ದರೆ, ಜ್ವರವಿದ್ದರೆ ನಾವು ಅದನ್ನು ಕೊಡುತ್ತೇವೆ, ಆಗಲೂ ಹಲ್ಲಿನ ಚಿಕಿತ್ಸೆಯ ಜೊತೆಗೇ. ನಾಲ್ಕು ಮಾತ್ರೆಯಿಂದ ನೋವು ಹೋಯಿತೆಂದು ನಿಮಗೆ ಅನಿಸಿರಬಹುದು. ಅದೇ ಹೊತ್ತಿಗೆ ನರ ಸತ್ತದ್ದು ಕಾಕತಾಳೀಯ.

ಇನ್ನು ಹುಣ್ಣುಗಳು. ನಿಮ್ಮ ಬಾಯಿಯ ಎರಡು ಹುಣ್ಣು ಒಂದೇ ಜಾತಿಯವಲ್ಲ. ತುಟಿಯೊಳಗಿನದು ಸಾಮಾನ್ಯ ಬಾಯಿಹುಣ್ಣು. ಅದು ದುಂಡಗೆ, ಒಂದು ಸೆಂಟಿಮೀಟರಿಗಿಂತ ಚಿಕ್ಕದಾಗಿ, ಮಧ್ಯೆ ಹಳದಿ ಬಿಳುಪು, ಸುತ್ತ ಕೆಂಪು ಅಂಚಿನೊಂದಿಗೆ ತುಟಿ, ಕೆನ್ನೆಯ ಒಳಗೆ, ನಾಲಗೆಯ ಪಕ್ಕದಂಥ ಮೆತ್ತನೆಯ ಜಾಗದಲ್ಲಿ ಏಳುತ್ತದೆ. ಏಳು ದಿನಕ್ಕೋ ಹದಿನಾಲ್ಕು ದಿನಕ್ಕೋ ಕಲೆಯೂ ಉಳಿಯದೆ ಮಾಯುತ್ತದೆ. ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ಅತ್ತೆಯವರು ಹೇಳುವ ಉಷ್ಣವನ್ನು ಅಳೆಯುವ ಪರೀಕ್ಷೆ ನಮ್ಮಲ್ಲಿಲ್ಲ. ಆದರೆ ಅವರು ಯಾವ ದಿನಗಳನ್ನು ಉಷ್ಣದ ದಿನ ಎನ್ನುತ್ತಾರೋ ನೋಡಿ, ಮದುವೆ ಹಂಗಾಮಿನಲ್ಲಿ ರಾತ್ರಿಯಿಡೀ ರವಿಕೆ ಹೊಲಿದು, ನಿದ್ದೆಗೆಟ್ಟು, ಹೊತ್ತಿಗೆ ಊಟ ಮಾಡದ ದಿನಗಳೇ ಆಗಿರುತ್ತವೆ. ನಿದ್ದೆಗೆಡುವುದು, ಚಿಂತೆ ಇವೆರಡೂ ಬಾಯಿಹುಣ್ಣನ್ನು ಎಬ್ಬಿಸುತ್ತವೆಂದು ನಾವೂ ಹೇಳುತ್ತೇವೆ. ಕೆಲವರಿಗೆ ಮುಟ್ಟಿನ ಹಿಂದುಮುಂದಿನ ದಿನಗಳಲ್ಲಿ ಏಳುತ್ತದೆ. ನೊರೆ ಹೆಚ್ಚು ಬರುವ ಟೂತ್‌ಪೇಸ್ಟಿನಲ್ಲಿರುವ ಸೋಡಿಯಂ ಲಾರಿಲ್ ಸಲ್ಫೇಟ್ ಕೆಲವರಿಗೆ ಆಗುವುದಿಲ್ಲ, ಅದಿಲ್ಲದ ಪೇಸ್ಟನ್ನು ಎರಡು ಮೂರು ತಿಂಗಳು ಬಳಸಿ ನೋಡಬಹುದು.

ಎರಡು ಮೂರು ತಿಂಗಳಿಗೊಮ್ಮೆ ಬರುತ್ತಿದೆ ಎಂದಿದ್ದೀರಿ. ಹಾಗಿದ್ದರೆ ಬಿ ಕಾಂಪ್ಲೆಕ್ಸ್ ನುಂಗುತ್ತಾ ಕೂರುವುದಕ್ಕಿಂತ ಒಮ್ಮೆ ರಕ್ತಪರೀಕ್ಷೆ ಮಾಡಿಸಿ. ಹಿಮೋಗ್ಲೋಬಿನ್, ಕಬ್ಬಿಣಾಂಶ ತೋರಿಸುವ ಫೆರಿಟಿನ್, ಬಿ12, ಫೋಲೇಟ್ ಇಷ್ಟು ಸಾಕು. ಮುಟ್ಟಿನಲ್ಲಿ ಹೆಚ್ಚು ರಕ್ತ ಹೋಗುವವರಿಗೆ ಕಬ್ಬಿಣ, ಮಾಂಸ ಮೊಟ್ಟೆ ತಿನ್ನದವರಿಗೆ ಬಿ12 ಕಡಿಮೆಯಿರುವುದು ನಮ್ಮಲ್ಲಿ ಸಾಮಾನ್ಯ. ಕೊರತೆ ಇದ್ದರೆ ಅದಕ್ಕೆ ತಕ್ಕ ಪ್ರಮಾಣದಲ್ಲಿ ತಿಂಗಳುಗಟ್ಟಲೆ ತೆಗೆದುಕೊಳ್ಳಬೇಕಾಗುತ್ತದೆ, ಅಂಗಡಿಯವರು ಕೊಟ್ಟ ಹತ್ತು ಮಾತ್ರೆಯ ಪಟ್ಟಿಯಿಂದ ತುಂಬುವುದಿಲ್ಲ. ಸಕ್ಕರೆಯನ್ನೂ ಆಗಲೇ ನೋಡಿಸಿ, ಸಕ್ಕರೆ ಕಾಯಿಲೆಯವರ ವಸಡು ಬೇಗ ಕೆಡುತ್ತದೆ.

ಕೆನ್ನೆಯ ಹುಣ್ಣು ಬೇರೆ. ಅದು ಸರಿಯಾಗಿ ಆ ತೂತು ಹಲ್ಲಿನ ಎದುರಿಗೇ ಇದೆ. ಹುಳುಕಿನಿಂದ ಮುರಿದ ಹಲ್ಲಿನ ಅಂಚು ಮುರಿದ ಬಳೆಯ ಹಾಗೆ ಹರಿತವಾಗಿರುತ್ತದೆ. ಮಾತಾಡಿದಾಗ, ಅಗಿದಾಗ ಪ್ರತಿ ಸಲವೂ ಕೆನ್ನೆಗೆ ಉಜ್ಜುತ್ತದೆ. ಕನ್ನಡಿಯ ಮುಂದೆ ನಿಂತು, ತೊಳೆದ ಬೆರಳಿನಿಂದ ಆ ಅಂಚನ್ನು ಮುಟ್ಟಿ ನೋಡಿ, ಕೈಗೆ ತಾಗುತ್ತದೆ. ಅಂಚನ್ನು ನಯ ಮಾಡಿಸಿದ ಎರಡು ವಾರದೊಳಗೆ ಈ ಹುಣ್ಣು ಮಾಯಬೇಕು. ಮಾಯದಿದ್ದರೆ ಮತ್ತೆ ತೋರಿಸಬೇಕು.

ವಸಡಿನ ರಕ್ತ ನೋಡಿ ಬ್ರಷ್ ಬಿಟ್ಟದ್ದು ತಪ್ಪಾಯಿತು. ರಕ್ತ ಬರುವುದೇ ಅಲ್ಲಿ ಕೊಳೆ ಕೂತಿರುವುದರಿಂದ. ಮೆತ್ತನೆಯ ಬ್ರಷ್ಷಿನಲ್ಲಿ, ಸುಟ್ಟ ಜಾಗವೊಂದನ್ನು ಬಿಟ್ಟು ಮಿಕ್ಕೆಡೆ ದಿನಕ್ಕೆರಡು ಸಲ ಹಗುರವಾಗಿ ಉಜ್ಜಿ. ಒಂದು ವಾರ ರಕ್ತ ಬಂದರೂ ಬಿಡಬೇಡಿ, ಆಮೇಲೆ ಕಡಿಮೆಯಾಗುತ್ತದೆ. ಗಾರೆ ಕಟ್ಟಿದ್ದರೆ ಮಾತ್ರ ಬ್ರಷ್ಷಿಗೆ ಹೋಗುವುದಿಲ್ಲ, ಕ್ಲೀನ್ ಮಾಡಿಸಬೇಕು.

ಡಾಕ್ಟರ ಹತ್ತಿರ ಏನಾಗುತ್ತದೆಂದು ಗೊತ್ತಿದ್ದರೆ ಹೆದರಿಕೆ ಅರ್ಧ ಇಳಿಯುತ್ತದೆ. ಹಸಿದುಕೊಂಡು ಹೋಗಬೇಡಿ, ತಿಂಡಿ ತಿಂದೇ ಹೋಗಿ. ಅವರು ಕನ್ನಡಿಯ ಹಿಡಿಯಿಂದ ಒಂದೊಂದೇ ಹಲ್ಲನ್ನು ತಟ್ಟಿ ನೋಡುತ್ತಾರೆ, ತಣ್ಣನೆಯದನ್ನು ತಾಗಿಸಿ ಜುಮ್ಮೆನ್ನುತ್ತದೆಯೇ ಎಂದು ಕೇಳುತ್ತಾರೆ, ಸಣ್ಣದೊಂದು ಎಕ್ಸ್‌ರೇ ತೆಗೆಯುತ್ತಾರೆ. ಬೇರಿನ ತುದಿಯಲ್ಲಿ ಕಪ್ಪು ನೆರಳು ಕಂಡರೆ ಅಲ್ಲಿ ಮೂಳೆ ಕರಗಿದೆ ಎಂದು ಲೆಕ್ಕ. ಹಲ್ಲಿನ ಗೋಡೆ ಸಾಕಷ್ಟು ಉಳಿದಿದ್ದರೆ ರೂಟ್ ಕೆನಾಲ್ ಮಾಡುತ್ತಾರೆ. ಸತ್ತ ತಿರುಳನ್ನು ತೆಗೆದು, ಬೇರಿನ ನಾಳವನ್ನು ತೊಳೆದು, ತುಂಬಿ, ಮೇಲೆ ಕ್ಯಾಪ್ ಹಾಕುವ ಕೆಲಸ. ಒಂದರಿಂದ ಮೂರು ಸಲ ಹೋಗಬೇಕಾಗಬಹುದು. ಎರಡನೆಯ ಭೇಟಿಗೆ ನೋವಿಲ್ಲವೆಂದು ನಡುವೆ ಬಿಟ್ಟುಬಿಡಬೇಡಿ, ಕ್ಯಾಪ್ ಇಲ್ಲದ ದವಡೆ ಹಲ್ಲು ಸೀಳಿಹೋದರೆ ಕೀಳುವುದೊಂದೇ ದಾರಿ. ಗೋಡೆ ಉಳಿದಿಲ್ಲದಿದ್ದರೆ ಈಗಲೇ ಕೀಳುತ್ತಾರೆ. ಎರಡರಲ್ಲಿ ಯಾವುದಾದರೂ ಕೀವಿನ ಮೂಲ ಹೋಗುತ್ತದೆ, ಗುಳ್ಳೆಯೂ ಹೋಗುತ್ತದೆ. ಖರ್ಚಿನ ಯೋಚನೆಯಿದ್ದರೆ ಮೊದಲು ತಿಪಟೂರಿನ ಸರ್ಕಾರಿ ಆಸ್ಪತ್ರೆಯ ದಂತ ವಿಭಾಗದಲ್ಲಿ ವಿಚಾರಿಸಿ. ತುಮಕೂರಿನಲ್ಲಿ ದಂತ ವೈದ್ಯ ಕಾಲೇಜೂ ಇದೆ.

ಕಣ್ಣಿನ ಮಾತು ಸುಳ್ಳು. ನೋಟದ ನರ ಕಣ್ಣಿನ ಹಿಂದಿನಿಂದ ನೇರ ಮಿದುಳಿಗೆ ಹೋಗುತ್ತದೆ. ಕೆಳದವಡೆಯ ಹಲ್ಲಿನ ನರ ಬೇರೆ, ಅದು ದವಡೆಯ ಮೂಳೆಯೊಳಗೆ ಸಾಗುತ್ತದೆ. ವಯಸ್ಸಾದವರಲ್ಲಿ ಹಲ್ಲು ಉದುರುವುದೂ ಕಣ್ಣು ಮಂಜಾಗುವುದೂ ಹೆಚ್ಚುಕಡಿಮೆ ಒಂದೇ ವಯಸ್ಸಿಗೆ ಬರುತ್ತವೆ, ಈ ನಂಬಿಕೆ ಹಾಗೆ ಹುಟ್ಟಿರಬೇಕು.

ನಿಮಗೆ ಈ ವಾರದೊಳಗೆ ಹೋದರೆ ಸಾಕು. ಆದರೆ ಅಷ್ಟರೊಳಗೆ ಕೆನ್ನೆ ಅಥವಾ ದವಡೆಯ ಕೆಳಗೆ ಊತ ಬಂದರೆ, ಜ್ವರ ಬಂದರೆ ಅದೇ ದಿನ ಹೋಗಿ. ನಾಲಗೆಯ ಕೆಳಗೆ ಊದಿ ನಾಲಗೆ ಮೇಲೆದ್ದರೆ, ಎಂಜಲು ನುಂಗಲಾಗದೆ ಸುರಿದರೆ, ದನಿ ಬದಲಾದರೆ, ಉಸಿರು ಕಟ್ಟಿದಂತಾದರೆ ಡೆಂಟಲ್ ಕ್ಲಿನಿಕ್ ಹುಡುಕಬೇಡಿ, ರಾತ್ರಿ ಎಷ್ಟು ಹೊತ್ತಾಗಿದ್ದರೂ 108ಕ್ಕೆ ಫೋನ್ ಮಾಡಿ ದೊಡ್ಡ ಆಸ್ಪತ್ರೆಗೆ ಹೋಗಿ. ಕೆಳದವಡೆಯ ಕೀವು ಕುತ್ತಿಗೆಗೆ ಇಳಿದರೆ ಕೆಲವೇ ಗಂಟೆಗಳಲ್ಲಿ ಉಸಿರಿನ ದಾರಿಯನ್ನು ಒತ್ತಬಹುದು. ಅಂಥ ಊತಕ್ಕೆ ಬಿಸಿ ಶಾಖ ಕೊಡುತ್ತಾ ಮನೆಯಲ್ಲಿ ಕೂರಬೇಡಿ.

ಈಗ ನಿಮ್ಮತ್ತೆಯವರ ವಿಷಯ. ನೋಯದ ಹುಣ್ಣು ಎರಡು ತಿಂಗಳಿಂದ ಒಂದೇ ಜಾಗದಲ್ಲಿದೆ ಎಂದು ಬರೆದಿದ್ದೀರಿ. ಸಾಮಾನ್ಯ ಹುಣ್ಣಾದರೆ ಅಷ್ಟು ದಿನ ನಿಲ್ಲುವುದಿಲ್ಲ. ಮೂರು ವಾರ ದಾಟಿಯೂ ಮಾಯದ ಯಾವ ಹುಣ್ಣನ್ನಾದರೂ ನಾವು ಕ್ಯಾನ್ಸರ್ ಅಲ್ಲವೆಂದು ಖಚಿತವಾಗುವ ತನಕ ಬಿಡುವುದಿಲ್ಲ, ಎಲೆ ಅಡಿಕೆ ಹೊಗೆಸೊಪ್ಪು ಹಾಕುವವರ ಬಾಯಲ್ಲಂತೂ ಇಲ್ಲವೇ ಇಲ್ಲ. ಬಾಯಿಯ ಕ್ಯಾನ್ಸರ್ ಶುರುವಿನಲ್ಲಿ ಸಾಮಾನ್ಯವಾಗಿ ನೋಯುವುದಿಲ್ಲ. ಕಾಗದ ಓದಿ ಅವರಿಗೆ ಅದೇ ಇದೆ ಎಂದು ನಾನು ಹೇಳಲಾರೆ, ಹರಿತವಾದ ಹಲ್ಲೊಂದು ಉಜ್ಜಿ ಆದದ್ದೂ ಇರಬಹುದು. ಒಳ್ಳೆಯ ಬೆಳಕಿನಲ್ಲಿ ಅವರ ಬಾಯಿ ನೋಡಿ. ಅಡಿಕೆ ಒತ್ತಿಟ್ಟುಕೊಳ್ಳುವ ಜಾಗದಲ್ಲೇ ಹುಣ್ಣು ಇದೆಯೇ, ಅಂಚು ದಪ್ಪಗೆ ಎದ್ದು ಬೆರಳಿಗೆ ಗಟ್ಟಿಯಾಗಿ ತಾಗುತ್ತದೆಯೇ, ಮುಟ್ಟಿದರೆ ರಕ್ತ ಬರುತ್ತದೆಯೇ, ಸುತ್ತ ಬಿಳಿ ಅಥವಾ ಕೆಂಪು ಮಚ್ಚೆ ಇದೆಯೇ, ಕುತ್ತಿಗೆಯಲ್ಲಿ ಗಂಟು ಸಿಗುತ್ತದೆಯೇ ನೋಡಿ. ಅವರದೇ ಮೂರು ಬೆರಳನ್ನು ಒಂದರ ಮೇಲೊಂದು ನೆಟ್ಟಗೆ ಜೋಡಿಸಿ ಹಲ್ಲುಗಳ ನಡುವೆ ತೂರಿಸಲು ಹೇಳಿ, ತೂರದಿದ್ದರೆ ಅಡಿಕೆಯಿಂದ ಕೆನ್ನೆ ಬಿಗಿಯುತ್ತಿರಬಹುದು. ಇದೊಂದೂ ಕಾಣದಿದ್ದರೂ ತೋರಿಸಲೇಬೇಕು, ಎರಡು ತಿಂಗಳಾಗಿದೆಯಲ್ಲ.

ಹೊಗೆಸೊಪ್ಪು ಬಿಟ್ಟು ಬರೀ ಅಡಿಕೆ ಹಾಕಿದರೆ ಪರವಾಗಿಲ್ಲ ಎನ್ನುವ ಮಾತು ನಿಮ್ಮ ಕಡೆ ಬಹಳ. ತೋಟದವರ ಮನೆಯಲ್ಲಿ ಇದನ್ನು ಹೇಳುವುದು ಕಷ್ಟ, ಆದರೂ ಹೇಳಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಅಡಿಕೆಯನ್ನೇ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿದೆ. ಎಲೆ ಅಡಿಕೆಯ ತಟ್ಟೆಯನ್ನು ನಿಮ್ಮತ್ತೆಯವರು ಈ ದಿನದಿಂದಲೇ ಪಕ್ಕಕ್ಕಿಡಲಿ.

ಡಾಕ್ಟರು ಬಯಾಪ್ಸಿ ಎಂದರೆ ಬೆಚ್ಚಬೇಡಿ. ಮರಗಟ್ಟಿಸಿ ಹುಣ್ಣಿನ ಅಂಚಿನಿಂದ ಬೇಳೆಕಾಳಿನಷ್ಟು ಚೂರು ತೆಗೆದು ಪರೀಕ್ಷೆಗೆ ಕಳಿಸುತ್ತಾರೆ. ಚೂರಿ ತಾಗಿದರೆ ಹರಡುತ್ತದೆ ಎಂಬ ಮಾತನ್ನು ನಂಬಿ ಎಷ್ಟೋ ಜನ ತಿಂಗಳುಗಟ್ಟಲೆ ತಡಮಾಡುತ್ತಾರೆ, ಅಷ್ಟರಲ್ಲಿ ಹುಣ್ಣು ಮೂಳೆಗೆ ಇಳಿದಿರುತ್ತದೆ. ಫಲಿತಾಂಶ ಬಂದ ಮೇಲೆ ಮುಂದಿನ ಚಿಕಿತ್ಸೆ ಬೇಕಾದರೆ ಬೆಂಗಳೂರಿನ ಕಿದ್ವಾಯಿ ಸಂಸ್ಥೆ ಇದೆ, ಅಲ್ಲಿಗೆ ಚೀಟಿ ಬರೆದುಕೊಡುತ್ತಾರೆ.

ನಿಮ್ಮ ಹಲ್ಲಿಗೆಂದು ಆಟೋ ಹತ್ತುವ ದಿನ ಅತ್ತೆಯವರನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ಸರದಿ ಬಂದಾಗ ಮೊದಲು ಅವರ ಬಾಯಿ ತೋರಿಸಿ, ಆಮೇಲೆ ನಿಮ್ಮದು.